ಫ್ಲೆಕ್ಸಿಬಲ್ ಬಿಟ್ಟು ಫುಲ್‌ಗೆ ಹೋದರೆ ಸಾಕಾ, ಸ್ಟ್ರಿಕ್ಟೇ ಬೇಕಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮತ್ತೆ ಶಿರಸಿ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಮಾಡಿ ಮಾರುತ್ತಾರೆ. ಅದರ ವೆಬ್‌ಸೈಟ್ ನೋಡಿಕೊಳ್ಳುವುದು ನಾನು. ಸಣ್ಣದೊಂದು ವಿಪಿಎಸ್, ಉಬುಂಟು, ಎಂಜಿನ್‌ಎಕ್ಸ್, ಮೇಲೆ ವರ್ಡ್‌ಪ್ರೆಸ್, ಎಲ್ಲದರ ಮುಂದೆ ಕ್ಲೌಡ್‌ಫ್ಲೇರ್. ಮೂರು ವರ್ಷದ ಹಿಂದೆ ಪರಿಚಯದವರೊಬ್ಬರು ಸೆಟಪ್ ಮಾಡಿಕೊಟ್ಟಾಗ ಎನ್‌ಕ್ರಿಪ್ಷನ್ ಮೋಡ್ ಫ್ಲೆಕ್ಸಿಬಲ್‌ನಲ್ಲಿ ಇಟ್ಟಿದ್ದರು, ಹಾಗೇ ನಡೆದುಕೊಂಡು ಬಂತು.

ಹೋದ ವಾರ ಸರ್ವರ್‌ನಲ್ಲೂ ಎಲ್ಲವನ್ನೂ ಎಚ್‌ಟಿಟಿಪಿಎಸ್‌ಗೆ ತಿರುಗಿಸೋಣ ಅಂತ ಎಂಜಿನ್‌ಎಕ್ಸ್‌ನಲ್ಲಿ `return 301 https://$host$request_uri;` ಹಾಕಿದೆ. ಸೈಟ್ ತೆರೆಯಲೇ ಇಲ್ಲ, `ERR_TOO_MANY_REDIRECTS` ಅಂತ ಬಂತು. ಸಾಲು ತೆಗೆದ ಮೇಲೆ ಸರಿಯಾಯಿತು. ಕಾರಣ ಹುಡುಕುತ್ತಾ ಹೋದಾಗ ಫ್ಲೆಕ್ಸಿಬಲ್ ಒಳ್ಳೆಯದಲ್ಲ ಅಂತ ಓದಿದೆ. ಈಗ ಫುಲ್‌ಗೆ ಹೋಗಲಾ, ಸ್ಟ್ರಿಕ್ಟ್‌ಗೆ ಹೋಗಲಾ? ಹಣ ಪಾವತಿ ಬೇರೆ ಗೇಟ್‌ವೇ ಪುಟದಲ್ಲಿ ಆಗುತ್ತದೆ. ನಮ್ಮಲ್ಲಿ ಉಳಿಯುವುದು ಹೆಸರು, ವಿಳಾಸ, ಫೋನ್ ನಂಬರ್, ಲಾಗಿನ್.

ರವಿಕಿರಣ

ಫುಲ್ ಹಾಕಿ, ಮುಗೀತು. ಎರಡೂ ಕಡೆ ಎನ್‌ಕ್ರಿಪ್ಟ್ ಆಗುತ್ತೆ. ಸ್ಟ್ರಿಕ್ಟ್ ಎಲ್ಲ ಬ್ಯಾಂಕಿನವರಿಗೆ. ಉಪ್ಪಿನಕಾಯಿ ಅಂಗಡಿಗೆ ಅಷ್ಟೆಲ್ಲ ಬೇಡ.

ಅನಿತಾ ಮಂಗಳೂರು

ರವಿಕಿರಣ್, ಅರ್ಧ ಸರಿ ಹೇಳಿದ್ದೀರಿ. ಫುಲ್‌ನಲ್ಲಿ ಎನ್‌ಕ್ರಿಪ್ಟ್ ಆಗುವುದು ನಿಜ. ಆದರೆ ಆ ತುದಿಯಲ್ಲಿ ಇರುವವರು ಯಾರು ಅಂತ ಕ್ಲೌಡ್‌ಫ್ಲೇರ್ ಕೇಳುವುದೇ ಇಲ್ಲ. ಪ್ರಮಾಣಪತ್ರದ ಅವಧಿ ಮುಗಿದಿರಲಿ, ಬೇರೆ ಹೆಸರಿನದ್ದಿರಲಿ, ಸರ್ವರ್ ತಾನೇ ಬರೆದುಕೊಂಡದ್ದಿರಲಿ, ಎಲ್ಲಕ್ಕೂ ತಲೆಯಾಡಿಸುತ್ತದೆ. ಅದಕ್ಕೆ ಬರುತ್ತೇನೆ. ಮೊದಲು ಆ ಲೂಪ್ ಯಾಕಾಯಿತು ಅಂತ ನೋಡೋಣ.

ಫ್ಲೆಕ್ಸಿಬಲ್‌ನಲ್ಲಿ ಗ್ರಾಹಕರು ಎಚ್‌ಟಿಟಿಪಿಎಸ್‌ನಲ್ಲಿ ಬಂದರೂ ಕ್ಲೌಡ್‌ಫ್ಲೇರ್ ನಿಮ್ಮ ಸರ್ವರ್‌ಗೆ ಬರುವುದು ಪೋರ್ಟ್ 80ಕ್ಕೆ, ಬರೀ ಎಚ್‌ಟಿಟಿಪಿಯಲ್ಲಿ. ನಿಮ್ಮ ಎಂಜಿನ್‌ಎಕ್ಸ್ "ಎಚ್‌ಟಿಟಿಪಿಎಸ್‌ನಲ್ಲಿ ಬಾ" ಅಂತ ವಾಪಸ್ ಕಳಿಸುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲೇ ಮತ್ತೆ ಬರುತ್ತದೆ, ಕ್ಲೌಡ್‌ಫ್ಲೇರ್ ಮತ್ತೆ ಪೋರ್ಟ್ 80ಕ್ಕೇ ಹೋಗುತ್ತದೆ. ಇದಕ್ಕೆ ಕೊನೆಯೇ ಇಲ್ಲ, ಬ್ರೌಸರ್ ಬೇಸತ್ತು ನಿಲ್ಲಿಸುತ್ತದೆ. ಅಂದರೆ ನೀವು ಹಾಕಿದ ಸಾಲು ತಪ್ಪಲ್ಲ, ಮೋಡ್ ತಪ್ಪು.

ಈಗ ಸರ್ವರ್‌ನಲ್ಲಿ ಇದನ್ನು ಓಡಿಸಿ, ಇನ್ನೊಂದು ಕಿಟಕಿಯಲ್ಲಿ ಸೈಟ್‌ಗೆ ಲಾಗಿನ್ ಆಗಿ ನೋಡಿ:

```
sudo tcpdump -l -A -i any 'tcp dst port 80' | grep -a 'pwd='
```

ಏನು ಕಂಡಿತು ಅಂತ ಬಂದು ಹೇಳಿ. ಪಾಸ್‌ವರ್ಡ್ ಮಾತ್ರ ಇಲ್ಲಿ ಅಂಟಿಸಬೇಡಿ.

ಕಾವ್ಯಶ್ರೀ

ನಮ್ಮ ಶಾಲೆಯ ಸೈಟ್‌ನಲ್ಲೂ ಇದೇ ತೊಂದರೆ. ಎಚ್‌ಟಿಟಿಪಿಎಸ್ ಇದೆ, ಆದರೆ ಕೆಲವು ಫೋಟೋ ಬರುವುದಿಲ್ಲ, "ನಾಟ್ ಸೆಕ್ಯೂರ್" ಅಂತ ತೋರಿಸುತ್ತದೆ. ಸ್ಟ್ರಿಕ್ಟ್ ಮಾಡಿದರೆ ಹೋಗುತ್ತದಾ?

ಅನಿತಾ ಮಂಗಳೂರು

ಕಾವ್ಯಶ್ರೀ, ನಿಮ್ಮದು ಬೇರೆ ವಿಷಯ. ಪುಟದ ಒಳಗೆ ಫೋಟೋಗಳ ಕೊಂಡಿ `http://` ಅಂತಲೇ ಉಳಿದಿದೆ. ಮೋಡ್ ಬದಲಿಸಿದರೆ ಅದು ಸರಿಯಾಗುವುದಿಲ್ಲ, ಡೇಟಾಬೇಸ್‌ನಲ್ಲಿ ಹಳೆಯ ಕೊಂಡಿಗಳನ್ನು ಬದಲಿಸಬೇಕು. ಬೇರೆ ಎಳೆ ಶುರು ಮಾಡಿ, ಅಲ್ಲಿ ನೋಡೋಣ.

ತೋಟದಮನೆ

ಓಡಿಸಿದೆ. `log=` ಆದ ಮೇಲೆ ನನ್ನ ಹೆಸರು, `&pwd=` ಆದ ಮೇಲೆ ನನ್ನ ಪಾಸ್‌ವರ್ಡ್, ಅಕ್ಷರಕ್ಕೆ ಅಕ್ಷರ ಪರದೆ ಮೇಲೆ ಬಂತು. ಕೈ ನಡುಗಿತು. ಮೂರು ವರ್ಷದಿಂದ ಗ್ರಾಹಕರ ಲಾಗಿನ್ ಎಲ್ಲ ಹೀಗೇ ಹೋಗಿದೆಯಾ? ಬ್ರೌಸರ್‌ನಲ್ಲಿ ಒಂದು ದಿನವೂ ಎಚ್ಚರಿಕೆ ಕಂಡಿಲ್ಲ.

ಅನಿತಾ ಮಂಗಳೂರು

ಹೌದು, ಹಾಗೇ ಹೋಗಿದೆ. ಬ್ರೌಸರ್‌ಗೆ ಕಾಣುವುದು ಕ್ಲೌಡ್‌ಫ್ಲೇರ್‌ವರೆಗಿನ ದಾರಿ ಮಾತ್ರ. ಅಲ್ಲಿಂದ ನಿಮ್ಮ ವಿಪಿಎಸ್‌ವರೆಗೆ ಇಂಟರ್ನೆಟ್ಟಿನಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಫ್ಲೆಕ್ಸಿಬಲ್ ನನಗೆ ಇಷ್ಟವಾಗದಿರುವುದು ಅದಕ್ಕೇ. ಗ್ರಾಹಕರಿಗೆ ಭರವಸೆ ಕೊಡುತ್ತದೆ, ಅರ್ಧ ದಾರಿಯಲ್ಲಿ ಕೈಬಿಡುತ್ತದೆ.

ಈಗ ನಿಮ್ಮ ಸರ್ವರ್ 443ರಲ್ಲಿ ಯಾವ ಪ್ರಮಾಣಪತ್ರ ತೋರಿಸುತ್ತಿದೆ ಅಂತ ನೋಡಿ. ಐಪಿ ನಿಮ್ಮ ವಿಪಿಎಸ್‌ದ್ದೇ ಹಾಕಬೇಕು, ಕ್ಲೌಡ್‌ಫ್ಲೇರ್‌ದ್ದಲ್ಲ:

```
openssl s_client -connect 203.0.113.10:443 \
  -servername shop.example.com </dev/null 2>/dev/null |
  openssl x509 -noout -issuer -enddate -ext subjectAltName
```

ಇಮ್ರಾನ್

ಸ್ಟ್ರಿಕ್ಟ್‌ಗೆ ಹಾರುವ ಮೊದಲು ನನ್ನ ಕಥೆ ಕೇಳಿ. ಒಂದು ಟ್ರಸ್ಟ್‌ನ ಸೈಟ್ ನೋಡಿಕೊಳ್ಳುತ್ತೇನೆ. ಸ್ಟ್ರಿಕ್ಟ್, ಸರ್ವರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ, 90 ದಿನದ್ದು, ತಾನೇ ನವೀಕರಣ ಆಗುವ ಹಾಗೆ ಸರ್ಟ್‌ಬಾಟ್ ಇಟ್ಟಿದ್ದೆ. ಒಂದು ಭಾನುವಾರ ಬೆಳಗ್ಗೆ ನೋಡಿದರೆ ಸೈಟ್ ತುಂಬ 526 ದೋಷ. ವಿದ್ಯಾರ್ಥಿವೇತನದ ಅರ್ಜಿಗೆ ಅವತ್ತೇ ಕೊನೆಯ ದಿನ. ಫೋನ್ ಮೇಲೆ ಫೋನ್.

ಪ್ರಮಾಣಪತ್ರದ ಅವಧಿ ಹಿಂದಿನ ರಾತ್ರಿ ಮುಗಿದಿತ್ತು. ತಿಂಗಳಿಂದ ನವೀಕರಣ ಸೋಲುತ್ತಲೇ ಇತ್ತು, ನಾನು ಲಾಗ್ ನೋಡಿರಲಿಲ್ಲ. ಕಾರಣ ಏನು ಗೊತ್ತಾ? ಎರಡು ತಿಂಗಳ ಹಿಂದೆ ಸ್ಪ್ಯಾಮ್ ಕಾಟ ಅಂತ ಭಾರತದ ಹೊರಗಿನವರನ್ನೆಲ್ಲ ತಡೆಯುವ ನಿಯಮ ನಾನೇ ಕ್ಲೌಡ್‌ಫ್ಲೇರ್‌ನಲ್ಲಿ ಹಾಕಿದ್ದೆ. ಲೆಟ್ಸ್ ಎನ್‌ಕ್ರಿಪ್ಟ್ ಪರೀಕ್ಷೆ ಮಾಡುವುದು ಬೇರೆ ಬೇರೆ ದೇಶಗಳಿಂದ. ಅವರೂ ಆ ಬಾಗಿಲಲ್ಲೇ ನಿಂತುಬಿಟ್ಟರು. ಫುಲ್ ಇದ್ದಿದ್ದರೆ ಅವಧಿ ಮುಗಿದರೂ ಅವತ್ತು ಸೈಟ್ ನಡೆಯುತ್ತಿತ್ತು. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ರವಿಕಿರಣ

ನೋಡಿ, ನಾನು ಹೇಳಿದ್ದೂ ಅದೇ.

ಅನಿತಾ ಮಂಗಳೂರು

ಇಮ್ರಾನ್ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟ್ರಿಕ್ಟ್ ಅಂದರೆ ಪ್ರಮಾಣಪತ್ರ ಕೆಟ್ಟ ಕ್ಷಣ ಸೈಟ್ ನಿಲ್ಲುತ್ತದೆ, ಅದರ ಕೆಲಸವೇ ಅದು. ನವೀಕರಣ ಯಾರು ಗಮನಿಸುತ್ತಾರೆ ಅಂತ ಮೊದಲೇ ನಿಕ್ಕಿ ಮಾಡಿಕೊಳ್ಳಬೇಕು. ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಮೊದಲು ಮೇಲ್ ಕಳಿಸುತ್ತಿದ್ದರು, 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದರು.

ಆದರೆ ಫುಲ್ ಸಾಕು ಅನ್ನುವವರಿಗೆ ನಮ್ಮ ಆಫೀಸಿನಲ್ಲಿ ಆದದ್ದನ್ನು ಹೇಳುತ್ತೇನೆ. ಪರೀಕ್ಷೆಗೆ ಅಂತ ಒಂದು ಉಪಡೊಮೇನ್ ಇತ್ತು, ಅದಕ್ಕೊಂದು ಬಾಡಿಗೆ ಸರ್ವರ್. ಕೆಲಸ ಮುಗಿದ ಮೇಲೆ ಸರ್ವರ್ ಅಳಿಸಿದೆವು, ಡಿಎನ್‌ಎಸ್‌ನಲ್ಲಿ ಆ ಐಪಿಯ ಸಾಲು ಮಾತ್ರ ಹಾಗೇ ಉಳಿಯಿತು. ಬಾಡಿಗೆ ಕೊಟ್ಟವರು ಆ ಐಪಿಯನ್ನು ಇನ್ನೊಬ್ಬ ಗಿರಾಕಿಗೆ ಕೊಟ್ಟರು. ಕೆಲವು ವಾರ ಬಿಟ್ಟು ನಮ್ಮ ಹುಡುಗರೊಬ್ಬರು ಆ ವಿಳಾಸ ತೆರೆದರೆ ಯಾರದೋ ಪೀಠೋಪಕರಣದ ಅಂಗಡಿ! ನಮ್ಮದೇ ಹೆಸರಿನಲ್ಲಿ, ಎಚ್‌ಟಿಟಿಪಿಎಸ್ ಸಮೇತ, ಒಂದು ಎಚ್ಚರಿಕೆಯೂ ಇಲ್ಲದೆ. ಆ ಸರ್ವರ್ ತನ್ನ ಡೊಮೇನಿನ ಪ್ರಮಾಣಪತ್ರ ತೋರಿಸಿತ್ತು, ಮೋಡ್ ಫುಲ್ ಇದ್ದದ್ದರಿಂದ ಹೆಸರು ಯಾರೂ ನೋಡಲಿಲ್ಲ. ನಮ್ಮ ಲಾಗಿನ್ ಕುಕಿ ಮುಖ್ಯ ಡೊಮೇನಿಗೆ ಅಂತ ಇದ್ದದ್ದು, ಹಾಗಾಗಿ ಆ ಪುಟ ತೆರೆದವರ ಕುಕಿಯೂ ಅಲ್ಲಿಗೆ ಹೋಗಿದೆ. ಸ್ಟ್ರಿಕ್ಟ್ ಇದ್ದಿದ್ದರೆ ಅವತ್ತು ಕಾಣುತ್ತಿದ್ದದ್ದು 526, ಅಷ್ಟೇ. ದಾರಿಯಲ್ಲಿ ಕದ್ದು ಕೇಳುವವರು ಇದ್ದಾರೋ ಇಲ್ಲವೋ, ಐಪಿ ಕೈಬದಲಾಗುವುದು ಮಾತ್ರ ದಿನಾ ಆಗುವ ಸಂಗತಿ.

ನಾಗರಾಜ ಎಚ್.

ಅನಿತಾ ಮೇಡಂ, ಒಂದು ತಿದ್ದುಪಡಿ. ಆ ಐಪಿ ಸಿಕ್ಕವನು ಅಮಾಯಕ ಅಂಗಡಿಯವನಾದರೆ ಸ್ಟ್ರಿಕ್ಟ್ ಕಾಪಾಡುತ್ತದೆ. ಬೇಕಂತಲೇ ಹುಡುಕಿ ಹಿಡಿದವನಾದರೆ? ನಿಮ್ಮ ಡಿಎನ್‌ಎಸ್ ಸಾಲು ಇನ್ನೂ ಅವನ ಕಡೆಗೇ ಇದೆ. ಅವನು ನಿಮ್ಮ ಉಪಡೊಮೇನಿಗೆ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಕೇಳಿ, ಪೋರ್ಟ್ 80ರ ಪರೀಕ್ಷೆ ಕ್ಲೌಡ್‌ಫ್ಲೇರ್ ದಾಟಿ ಅವನ ಸರ್ವರ್ ತಲುಪಿದರೆ, ಅವನಿಗೆ ಅಸಲಿ ಪ್ರಮಾಣಪತ್ರವೇ ಸಿಗುತ್ತದೆ. ಆಮೇಲೆ ಸ್ಟ್ರಿಕ್ಟ್ ಕೂಡ ಅವನನ್ನು ಒಳಗೆ ಬಿಡುತ್ತದೆ. ಆದ್ದರಿಂದ ಸರ್ವರ್ ಅಳಿಸುವ ಮುಂಚೆ ಡಿಎನ್‌ಎಸ್ ಸಾಲು ಅಳಿಸಬೇಕು. ಇದಕ್ಕೆ ಮೋಡ್ ಬದಲಿ ಮದ್ದಾಗುವುದಿಲ್ಲ.

ಅನಿತಾ ಮಂಗಳೂರು

ಒಪ್ಪಿದೆ ನಾಗರಾಜ್. ಈಗ ನಮ್ಮಲ್ಲಿ ಕ್ರಮವೂ ಅದೇ, ಮೊದಲು ಸಾಲು, ಆಮೇಲೆ ಸರ್ವರ್.

ಬಸು ಧಾರವಾಡ

ನಮ್ದೂ ಒಂದು ಪ್ರಶ್ನೆ ಐತ್ರೀ. ಸ್ಟ್ರಿಕ್ಟ್ ಇಟ್ರ ಯಾರೂ ಕ್ಲೌಡ್‌ಫ್ಲೇರ್ ಬಿಟ್ಟು ನೇರ ಸರ್ವರ್ ಐಪಿಗೆ ಬರಾಕ ಆಗೂದಿಲ್ಲಲ್ಲ? ನಾವು ಅದನ್ನ ನಂಬಿಕೊಂಡು ಕುಂತೇವಿ.

ನಾಗರಾಜ ಎಚ್.

ಬಸು ಅವರೇ, ಹಾಗಲ್ಲ. ಸ್ಟ್ರಿಕ್ಟ್‌ನಲ್ಲಿ ಕ್ಲೌಡ್‌ಫ್ಲೇರ್ ನಿಮ್ಮ ಸರ್ವರಿನ ಗುರುತು ನೋಡುತ್ತದೆ. ನಿಮ್ಮ ಸರ್ವರ್ ಮಾತ್ರ ಬಂದವರ ಗುರುತು ನೋಡುವುದಿಲ್ಲ, ಯಾರು ಬಂದರೂ ಬಾಗಿಲು ತೆಗೆಯುತ್ತದೆ. ಅದನ್ನು ತಡೆಯಲು ಫೈರ್‌ವಾಲ್‌ನಲ್ಲಿ ಕ್ಲೌಡ್‌ಫ್ಲೇರ್ ಪ್ರಕಟಿಸಿರುವ ಐಪಿಗಳನ್ನು ಮಾತ್ರ ಬಿಡಬೇಕು, ಇಲ್ಲವೇ ಅಥೆಂಟಿಕೇಟೆಡ್ ಒರಿಜಿನ್ ಪುಲ್ಸ್ ಹಾಕಬೇಕು. ಅದರಲ್ಲಿ ಕ್ಲೌಡ್‌ಫ್ಲೇರ್ ತನ್ನ ಪ್ರಮಾಣಪತ್ರ ತೋರಿಸಬೇಕು, ಎಂಜಿನ್‌ಎಕ್ಸ್ ಅದನ್ನು ಪರಿಶೀಲಿಸಬೇಕು.

ಬಸು ಧಾರವಾಡ

ಹಂಗಾದ್ರ ಇವತ್ತ ಸಂಜಿಕಿ ಫೈರ್‌ವಾಲ್ ಕೆಲಸ ಹಚ್ಚತೇನ್ರೀ. ಚಲೋ ಆತು ಕೇಳಿದ್ದು.

ತೋಟದಮನೆ

ಆ ಕಮಾಂಡ್ ಓಡಿಸಿದೆ. ಬಂದದ್ದು ಇಷ್ಟು, ಯಂತ್ರದ ಹೆಸರು ಮಾತ್ರ ಬದಲಿಸಿದ್ದೇನೆ:

```
issuer=CN = vps-4471
notAfter=Mar 12 06:41:09 2033 GMT
X509v3 Subject Alternative Name:
    DNS:vps-4471
```

2033ರವರೆಗೆ ಇದೆಯಲ್ಲ, ಇದು ನಡೆಯುವುದಿಲ್ಲವಾ?

ಅನಿತಾ ಮಂಗಳೂರು

ಉಬುಂಟು ತಾನೇ ಮಾಡಿಟ್ಟುಕೊಳ್ಳುವ ಪ್ರಮಾಣಪತ್ರ ಅದು. ನಿಮ್ಮ ಎಂಜಿನ್‌ಎಕ್ಸ್ ಸಂರಚನೆಯಲ್ಲಿ `ssl-cert-snakeoil.pem` ಅಂತ ಇರಬೇಕು, ನೋಡಿ. ಕೊಟ್ಟವರ ಹೆಸರೂ ಅದೇ, ಪಡೆದವರ ಹೆಸರೂ ಅದೇ, ನಿಮ್ಮ ಡೊಮೇನಿನ ಹೆಸರು ಎಲ್ಲೂ ಇಲ್ಲ. ಫುಲ್‌ಗೆ ಇದು ಸಾಕು. ಸ್ಟ್ರಿಕ್ಟ್ ಹಾಕಿದ ಕೂಡಲೇ 526 ಬರುತ್ತದೆ.

ನಿಮ್ಮ ಪರಿಸ್ಥಿತಿಗೆ ಒರಿಜಿನ್ ಸಿಎ ಪ್ರಮಾಣಪತ್ರ ಸರಿ ಅಂತ ನನ್ನ ಅಭಿಪ್ರಾಯ. ಕ್ಲೌಡ್‌ಫ್ಲೇರ್ ಡ್ಯಾಶ್‌ಬೋರ್ಡ್‌ನಲ್ಲಿ SSL/TLS ಒಳಗೆ Origin Server ಪುಟಕ್ಕೆ ಹೋಗಿ ಮಾಡಿಸಿಕೊಳ್ಳಿ. ದುಡ್ಡು ಬೇಡ. ಅವಧಿ ನಾವೇನೂ ಬದಲಿಸದಿದ್ದರೆ 15 ವರ್ಷ. ಖಾಸಗಿ ಕೀಲಿಯನ್ನು ಒಂದೇ ಸಲ ತೋರಿಸುತ್ತದೆ, ಆ ಪುಟ ಮುಚ್ಚುವ ಮೊದಲೇ ಸರ್ವರ್‌ಗೆ ಹಾಕಿಕೊಳ್ಳಿ. ಎರಡನ್ನೂ ಫೈಲ್ ಮಾಡಿ ಎಂಜಿನ್‌ಎಕ್ಸ್‌ನಲ್ಲಿ ಹೀಗೆ:

```
server {
    listen 443 ssl;
    server_name shop.example.com;
    ssl_certificate     /etc/ssl/origin.pem;
    ssl_certificate_key /etc/ssl/origin.key;
    # ಉಳಿದದ್ದು ಪೋರ್ಟ್ 80ರ ಬ್ಲಾಕ್‌ನಲ್ಲಿ ಇದ್ದಂತೆಯೇ
}
```

`nginx -t` ಓಡಿಸಿ, ರೀಲೋಡ್ ಮಾಡಿ, ಮೇಲಿನ `openssl` ಕಮಾಂಡನ್ನೇ ಮತ್ತೊಮ್ಮೆ ಓಡಿಸಿ. ಈಗ ನಿಮ್ಮ ಡೊಮೇನಿನ ಹೆಸರು ಕಾಣಬೇಕು. ಇಷ್ಟಾದ ಮೇಲೆಯೇ ಮೋಡ್ ಮುಟ್ಟುವುದು. ಮೊದಲು ಫುಲ್ ಮಾಡಿ, ಒಂದು ಆರ್ಡರ್ ಹಾಕಿ ನೋಡಿ. 525 ಬಂದರೆ ಟಿಎಲ್‌ಎಸ್ ಕೈಕುಲುಕುವಲ್ಲೇ ಎಡವಿದೆ, 443ರ ಬ್ಲಾಕ್ ಸರಿಯಾಗಿಲ್ಲ. ಸರಿಯಿದ್ದರೆ ಸ್ಟ್ರಿಕ್ಟ್ ಮಾಡಿ. 526 ಬಂದರೆ ಪ್ರಮಾಣಪತ್ರ ಒಪ್ಪಿಗೆಯಾಗಿಲ್ಲ, ಹೆಸರನ್ನೋ ಅವಧಿಯನ್ನೋ ನೋಡಿ. ಆಮೇಲೆ Always Use HTTPS ಆನ್ ಮಾಡಲು ಮರೆಯಬೇಡಿ. ಫುಲ್ ಆಗಲಿ ಸ್ಟ್ರಿಕ್ಟ್ ಆಗಲಿ, ಗ್ರಾಹಕರು `http://` ಅಂತ ಬಂದರೆ ಕ್ಲೌಡ್‌ಫ್ಲೇರ್ ನಿಮ್ಮ ಸರ್ವರ್‌ಗೂ ಎಚ್‌ಟಿಟಿಪಿಯಲ್ಲೇ ಹೋಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪರೀಕ್ಷೆ ಎಲ್ಲ ಖಾಸಗಿ ಕಿಟಕಿಯಲ್ಲಿ ಮಾಡಿ. ಹಳೆಯ 301 ಬ್ರೌಸರ್ ನೆನಪಿನಲ್ಲಿ ಉಳಿದಿರುತ್ತದೆ.

ಇಮ್ರಾನ್

15 ವರ್ಷದ ಆಸೆಗೆ ಒರಿಜಿನ್ ಸಿಎ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಆ ಪ್ರಮಾಣಪತ್ರವನ್ನು ಬ್ರೌಸರ್‌ಗಳು ನಂಬುವುದಿಲ್ಲ. ಯಾವತ್ತೋ ಒಂದು ದಿನ ಕ್ಲೌಡ್‌ಫ್ಲೇರ್‌ನಲ್ಲೇ ತೊಂದರೆಯಾಗಿ ಜನ ನೇರ ಸರ್ವರ್‌ಗೇ ಬರಲಿ ಅಂತ ಡಿಎನ್‌ಎಸ್‌ನಲ್ಲಿ ಕಿತ್ತಳೆ ಮೋಡ ಬೂದು ಮಾಡಿದಿರಿ ಅಂತಿಟ್ಟುಕೊಳ್ಳಿ, ಗ್ರಾಹಕರಿಗೆ ಕೆಂಪು ಎಚ್ಚರಿಕೆ ಪುಟ. ಅವತ್ತಿನ ಆತುರದಲ್ಲಿ ಹೊಸ ಪ್ರಮಾಣಪತ್ರ ತರಲು ಓಡಬೇಕು. ನಾನು ಅಷ್ಟಾದ ಮೇಲೂ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲೇ ಇದ್ದೇನೆ, ಪರೀಕ್ಷೆಯನ್ನು ಮಾತ್ರ ಡಿಎನ್‌ಎಸ್ ಮೂಲಕ ಮಾಡಿಸಿದೆ. `certbot-dns-cloudflare` ಅಂತ ಪ್ಲಗಿನ್ ಇದೆ. ಡಿಎನ್‌ಎಸ್ ತಿದ್ದುವಷ್ಟೇ ಅಧಿಕಾರ ಇರುವ ಟೋಕನ್ ಕೊಟ್ಟರೆ, ಒಂದು ಟಿಎಕ್ಸ್‌ಟಿ ಸಾಲು ಹಾಕಿ ಕೆಲಸ ಮುಗಿಸುತ್ತದೆ. ಯಾವ ದೇಶ ತಡೆದರೂ ಅದಕ್ಕೆ ಬಾಧೆಯಿಲ್ಲ.

ಅನಿತಾ ಮಂಗಳೂರು

ಆ ಟೋಕನ್ ಸರ್ವರ್‌ನಲ್ಲೇ ಇರುತ್ತದಲ್ಲ ಇಮ್ರಾನ್. ವರ್ಡ್‌ಪ್ರೆಸ್ ಪ್ಲಗಿನ್ ಒಂದರ ತೂತಿನಿಂದ ಯಾರೋ ಒಳಬಂದು ಆ ಫೈಲ್‌ವರೆಗೂ ತಲುಪಿದರೆ ಡೊಮೇನಿನ ಡಿಎನ್‌ಎಸ್ಸೇ ಅವರ ಕೈಗೆ. ಒಬ್ಬರೇ ನೋಡಿಕೊಳ್ಳುವ ಸಣ್ಣ ಅಂಗಡಿಗೆ ನಾನು ಅದನ್ನು ಹೇಳುವುದಿಲ್ಲ.

ಇಮ್ರಾನ್

ಫೈಲ್ ರೂಟ್ ಬಿಟ್ಟು ಬೇರೆಯವರು ಓದದ ಹಾಗೆ ಇಟ್ಟರೆ ಆಯಿತು. ಅಲ್ಲಿಯವರೆಗೂ ಬಂದವನಿಗೆ ಖಾಸಗಿ ಕೀಲಿಯೂ ಸಿಕ್ಕಿರುತ್ತದೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಬಿಡಿ.

ಸುಧೀಂದ್ರ

ಅಲ್ಲ, ಎಲ್ಲರೂ ಸ್ಟ್ರಿಕ್ಟ್ ಸ್ಟ್ರಿಕ್ಟ್ ಅನ್ನುತ್ತಿದ್ದೀರಿ. ಕ್ಲೌಡ್‌ಫ್ಲೇರ್ ನಡುವೆ ಬಿಚ್ಚಿ ಓದಿಯೇ ಮುಂದೆ ಕಳಿಸುವುದು. ಪಾಸ್‌ವರ್ಡ್ ಅವರಿಗೆ ಕಂಡೇ ಕಾಣುತ್ತದೆ. ಹಾಗಿರುವಾಗ ಅತ್ತ ಕಡೆ ಎಷ್ಟು ಬಿಗಿ ಮಾಡಿದರೇನು?

ನಾಗರಾಜ ಎಚ್.

ಬಿಚ್ಚುತ್ತದೆ ಅನ್ನುವುದು ನಿಜ ಸುಧೀಂದ್ರ, ಬಿಚ್ಚದೆ ಕ್ಯಾಶ್ ಮಾಡಲು, ದಾಳಿ ತಡೆಯಲು ಆಗುವುದಿಲ್ಲ. ಅವರನ್ನು ನಂಬಬೇಕೋ ಬೇಡವೋ ಅನ್ನುವುದು ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಬೇಕಾ ಬೇಡವಾ ಅನ್ನುವ ಪ್ರಶ್ನೆ. ನಂಬಿ ಹಾಕಿಕೊಂಡ ಮೇಲೆ, ಅವರಿಂದ ನಿಮ್ಮ ಸರ್ವರ್‌ವರೆಗಿನ ದಾರಿಯಲ್ಲಿ ಸಿಗುವ ಎಲ್ಲರನ್ನೂ ಸೇರಿಸಿ ಯಾಕೆ ನಂಬಬೇಕು?

ಸುಧೀಂದ್ರ

ಮೊದಲನೆಯ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ನಾನು ನನ್ನ ಸೈಟ್‌ಗೆ ಸಿಡಿಎನ್ ಹಾಕಿಲ್ಲ, ಹಾಕುವುದೂ ಇಲ್ಲ.

ರವಿಕಿರಣ

ಈಗ ಡ್ಯಾಶ್‌ಬೋರ್ಡ್‌ನಲ್ಲಿ ಆಟೊಮ್ಯಾಟಿಕ್ ಅಂತ ಬಂದಿದೆಯಲ್ಲ. ಅದೇ ನೋಡಿ ಮೋಡ್ ಏರಿಸುತ್ತದೆ. ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಅನಿತಾ ಮಂಗಳೂರು

ಅದು ಸರ್ವರ್ ಏನು ತೋರಿಸುತ್ತದೆ ಅಂತ ನೋಡಿ, ಅದಕ್ಕೆ ತಾಳುವಷ್ಟು ಬಿಗಿಯಾದ ಮೋಡ್ ಆರಿಸುತ್ತದೆ. ಇವರ ಸರ್ವರ್‌ನಲ್ಲಿ ಇದ್ದದ್ದು ಉಬುಂಟು ತಾನೇ ಮಾಡಿಕೊಂಡದ್ದು. ಪ್ರಮಾಣಪತ್ರ ತಂದು ಇಡುವ ಕೆಲಸ ಆಟೊಮ್ಯಾಟಿಕ್ ಮಾಡಿಕೊಡುವುದಿಲ್ಲ ರವಿಕಿರಣ್, ಅದನ್ನು ನಾವೇ ಮಾಡಬೇಕು.

ತೋಟದಮನೆ

ನಿನ್ನೆ ರಾತ್ರಿ ಕೂತು ಎಲ್ಲ ಮಾಡಿದೆ. ಒರಿಜಿನ್ ಸಿಎ ಹಾಕಿದೆ. ನಡುವೆ ಒಂದು ಕಡೆ ಗಾಬರಿಯಾಯಿತು. ಐಪಿಗೆ ನೇರವಾಗಿ ಹೀಗೆ ಕೇಳಿದಾಗ

```
curl -I --resolve shop.example.com:443:203.0.113.10 https://shop.example.com/
```

`unable to get local issuer certificate` ಅಂತ ಬಂತು. ಆಮೇಲೆ ಇಮ್ರಾನ್ ಅವರು ಬರೆದದ್ದು ನೆನಪಾಯಿತು, ಒರಿಜಿನ್ ಸಿಎಯನ್ನು ಕ್ಲೌಡ್‌ಫ್ಲೇರ್ ಮಾತ್ರ ನಂಬುವುದು. `-k` ಸೇರಿಸಿದಾಗ 200 ಬಂತು. `openssl`ನಲ್ಲಿ ನಮ್ಮ ಹೆಸರು ಸರಿಯಾಗಿ ಕಂಡಿತು.

ಫುಲ್ ಮಾಡಿದೆ, ಎರಡು ಬಾಟಲಿ ಅಪ್ಪೆಮಿಡಿ ನನಗೇ ಆರ್ಡರ್ ಹಾಕಿ ನೋಡಿದೆ, ಸರಿ ಹೋಯಿತು. ಎಂಜಿನ್‌ಎಕ್ಸ್‌ನಲ್ಲಿ ತೆಗೆದಿದ್ದ 301 ಸಾಲನ್ನು ಪೋರ್ಟ್ 80ರ ಬ್ಲಾಕ್‌ಗೆ ವಾಪಸ್ ಹಾಕಿದೆ, ಲೂಪ್ ಬರಲಿಲ್ಲ. ಸ್ಟ್ರಿಕ್ಟ್ ಮಾಡಿದೆ, ಅಂಗಡಿ ನಡೆಯುತ್ತಿದೆ. `tcpdump` ಮತ್ತೆ ಓಡಿಸಿ ಲಾಗಿನ್ ಆದೆ, `pwd=` ಒಂದೂ ಬರಲಿಲ್ಲ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ಗ್ರಾಹಕರಿಗೂ ಬದಲಿಸಿಕೊಳ್ಳಿ ಅಂತ ಮೇಲ್ ಬರೆಯುತ್ತಿದ್ದೇನೆ.

ಆದರೆ ಬೆಳಗ್ಗೆ ಅತ್ತೆ ಫೋನ್ ಮಾಡಿ ಪಾರ್ಸೆಲ್ ಎಲ್ಲಿದೆ ಅಂತ ನೋಡುವ ಪುಟ ತೆರೆಯುತ್ತಿಲ್ಲ ಅಂದರು. ಅದು `track.` ಅಂತ ಬೇರೆ ಉಪಡೊಮೇನ್, ಸಾಫ್ಟ್‌ವೇರ್ ಕೊಟ್ಟವರ ಸರ್ವರ್‌ನಲ್ಲಿದೆ. 521 ತೋರಿಸುತ್ತಿದೆ.

ನಾಗರಾಜ ಎಚ್.

ಅವರ ಸರ್ವರ್ 443ರಲ್ಲಿ ಕೇಳುತ್ತಲೇ ಇಲ್ಲ, 80 ಮಾತ್ರ. ನೀವು ಬದಲಿಸಿದ ಮೋಡ್ ಡೊಮೇನಿನ ಕೆಳಗಿರುವ, ಕಿತ್ತಳೆ ಮೋಡ ಇರುವ ಎಲ್ಲ ಉಪಡೊಮೇನ್‌ಗೂ ತಗಲುತ್ತದೆ. ಕಾನ್ಫಿಗರೇಷನ್ ರೂಲ್ಸ್‌ನಲ್ಲಿ ಆ ಒಂದು ಹೋಸ್ಟ್‌ಗೆ ಮಾತ್ರ ಎಸ್‌ಎಸ್‌ಎಲ್ ಫ್ಲೆಕ್ಸಿಬಲ್ ಅಂತ ನಿಯಮ ಬರೆಯಿರಿ, ಸದ್ಯಕ್ಕೆ ಪುಟ ತೆರೆಯುತ್ತದೆ. ಉಳಿದದ್ದು ಸ್ಟ್ರಿಕ್ಟ್‌ನಲ್ಲೇ ಇರಲಿ. ಒಂದು ಪುಟಕ್ಕಾಗಿ ಇಡೀ ಡೊಮೇನನ್ನು ಹಿಂದೆ ತರಬೇಡಿ.

ಅನಿತಾ ಮಂಗಳೂರು

ಆ ಪುಟದಲ್ಲಿ ಗ್ರಾಹಕರು ಫೋನ್ ನಂಬರ್ ಹಾಕುತ್ತಾರಾ?

ತೋಟದಮನೆ

ಹಾಕುತ್ತಾರೆ. ಫೋನ್ ನಂಬರ್ ಹಾಕಿದರೆ ವಿಳಾಸವೂ ತೋರಿಸುತ್ತದೆ.

ಅನಿತಾ ಮಂಗಳೂರು

ಹಾಗಾದರೆ ನಾನಾಗಿದ್ದರೆ ಆ ಪುಟವನ್ನು ಅವರು 443 ತೆರೆಯುವವರೆಗೆ ಮುಚ್ಚಿಯೇ ಇಡುತ್ತಿದ್ದೆ. ಪಾರ್ಸೆಲ್ ಎಲ್ಲಿದೆ ಅಂತ ಫೋನಿನಲ್ಲೂ ಹೇಳಬಹುದು.

ನಾಗರಾಜ ಎಚ್.

ಮಾವಿನಮಿಡಿ ಸೀಸನ್‌ನಲ್ಲಿ ದಿನಾ ಬರುವ ಫೋನ್ ಎಲ್ಲ ಅವರತ್ತೆ ಎತ್ತಬೇಕಲ್ಲ ಮೇಡಂ. ಒಂದು ವಾರಕ್ಕೆ ಅಂತ ದಿನಾಂಕ ಬರೆದಿಟ್ಟು ಫ್ಲೆಕ್ಸಿಬಲ್ ನಿಯಮ ಹಾಕಿದರೆ ತಪ್ಪೇನಿಲ್ಲ ಅಂತ ನನಗನ್ನಿಸುತ್ತದೆ.

ತೋಟದಮನೆ

ಸಾಫ್ಟ್‌ವೇರ್‌ನವರಿಗೆ ಮೇಲ್ ಹಾಕಿದೆ. "ಗ್ರಾಹಕರಿಗೆ ಎಚ್‌ಟಿಟಿಪಿಎಸ್ ಕಾಣುತ್ತದಲ್ಲ, ಇನ್ನೇನು ಬೇಕು" ಅಂತ ಉತ್ತರ ಬಂತು. ನಾನು `tcpdump`ನಲ್ಲಿ ಕಂಡದ್ದರ ಚಿತ್ರ, ಪಾಸ್‌ವರ್ಡ್ ಅಳಿಸಿ, ಕಳಿಸಿದ್ದೇನೆ. ಸದ್ಯಕ್ಕೆ ಪುಟ ಮುಚ್ಚಿದ್ದೇನೆ, ಫೋನ್ ನನ್ನ ನಂಬರಿಗೆ ಬರುವ ಹಾಗೆ ಮಾಡಿದ್ದೇನೆ. ಶುಕ್ರವಾರದೊಳಗೆ ಅವರು ಏನೂ ಮಾಡದಿದ್ದರೆ ಮತ್ತೆ ಇಲ್ಲಿ ಕೇಳುತ್ತೇನೆ.